ಹೇಳಿದರೆ ಮಾತ್ರ ಸ್ನಾನ

‘ದೀರ್ಘಕಾಲದ ಸ್ಕಿಜೋಫ್ರೇನಿಯಾ, ಮಾತ್ರೆಯಿಂದ ಸುಧಾರಣೆ’ ಎಂದಷ್ಟೇ ಬರೆದ ವೈದ್ಯರ ಪತ್ರ ಅಂಗವೈಕಲ್ಯ ಮಂಡಳಿಗೆ ಸಾಲದು. ನಮ್ಮ ದೇಶದ ‘ಐಡಿಯಾಸ್’ ಮಾಪನ ಅಳೆಯುವುದು ದಿನಚರಿಯನ್ನು. ಸ್ವಂತ ಆರೈಕೆ, ಒಡನಾಟ, ಮಾತು-ಗ್ರಹಿಕೆ, ಕೆಲಸ ಪ್ರತಿಯೊಂದಕ್ಕೂ 0ಯಿಂದ 4 ಅಂಕ. ಕಳೆದ 2 ವರ್ಷಗಳಲ್ಲಿ ಕಾಯಿಲೆ ಕಾಡಿದ ಅವಧಿಗೆ 4ರವರೆಗೆ. ಒಟ್ಟು 7 ಆದರೆ ಶೇ 40, ಅಂದರೆ ಸೌಲಭ್ಯಗಳ ಹೊಸ್ತಿಲು.

ಒಬ್ಬ ಯುವಕನನ್ನು ಊಹಿಸಿಕೊಳ್ಳಿ. ‘ಸ್ನಾನ ಅವನೇ ಮಾಡ್ಕೋತಾನೆ’ ಎನ್ನುತ್ತಾರೆ ತಾಯಿ. ಹೇಳದಿದ್ದರೆ? ‘ವಾರವಾದರೂ ಇಲ್ಲ.’ ಈ ಎರಡನೇ ಉತ್ತರ ಪತ್ರದಲ್ಲಿ ಇರಲೇಬೇಕು. ಆಗ ಆರೈಕೆಗೆ 2, ಒಡನಾಟಕ್ಕೆ 1, ಮಾತಿಗೆ 0, ಅಂಗಡಿಯ ಅರೆಬರೆ ಕೆಲಸಕ್ಕೆ 1, ಅವಧಿಗೆ 4, ಒಟ್ಟು 8. ಅದು ಬಿಟ್ಟುಹೋದರೆ 6. ಹುಡುಗ ಹೊಸ್ತಿಲಾಚೆಯೇ ಉಳಿಯುತ್ತಾನೆ.