ಪರದೆಯ ಬೆಲೆ ಒಂದು, ಕೊಂಡ ಬೆಲೆ ಇನ್ನೊಂದು

ಬ್ರೋಕರ್ ಆ್ಯಪ್‌ನಲ್ಲಿ ಷೇರಿನ ಹೆಸರಿನ ಪಕ್ಕ ದೊಡ್ಡ ಅಕ್ಷರದಲ್ಲಿ ಕಾಣುವ ಬೆಲೆ ಆಗಲೇ ಮುಗಿದುಹೋದ ವ್ಯವಹಾರದ್ದು. ಕೊನೆಯ ಬಾರಿ ಯಾರೋ ಆ ಬೆಲೆಗೆ ಮಾರಿದರು, ಇನ್ಯಾರೋ ಕೊಂಡರು, ಅಷ್ಟೇ. ನಿಮಗೂ ಅದೇ ಬೆಲೆಗೆ ಸಿಗುತ್ತದೆಯೇ ಎಂಬುದು ಈ ಕ್ಷಣದಲ್ಲಿ ಮಾರಲು ನಿಂತವರು ಏನು ಕೇಳುತ್ತಿದ್ದಾರೆ ಎಂಬುದನ್ನು ಅವಲಂಬಿಸಿದೆ. ಮಾರ್ಕೆಟ್ ಆರ್ಡರ್‌ಗೂ ಲಿಮಿಟ್ ಆರ್ಡರ್‌ಗೂ ಇರುವ ವ್ಯತ್ಯಾಸ ತಿಳಿಯಬೇಕಾದರೆ ಈ ಮಾರುವವರ ಸಾಲನ್ನು ನೋಡಬೇಕು.

ಆ ಸಾಲು ಆ್ಯಪ್‌ನಲ್ಲೇ ಇರುತ್ತದೆ. 'ಮಾರ್ಕೆಟ್ ಡೆಪ್ತ್' ಎಂಬಲ್ಲಿ ಒತ್ತಿದರೆ ಒಂದು ಬದಿಯಲ್ಲಿ ಕೊಳ್ಳುವವರ ಐದು ಉತ್ತಮ ಬೆಲೆಗಳು, ಇನ್ನೊಂದು ಬದಿಯಲ್ಲಿ ಮಾರುವವರ ಐದು ಉತ್ತಮ ಬೆಲೆಗಳು ಕಾಣುತ್ತವೆ. ಪ್ರತಿ ಬೆಲೆಯ ಎದುರು ಎಷ್ಟು ಷೇರುಗಳಿವೆ ಎಂಬುದೂ ಇರುತ್ತದೆ.

ಹೆಚ್ಚು ವಹಿವಾಟಿಲ್ಲದ ಒಂದು ಸಣ್ಣ ಕಂಪನಿಯ ಷೇರನ್ನು ಊಹಿಸಿಕೊಳ್ಳಿ. ಪರದೆಯಲ್ಲಿ ಬೆಲೆ 212 ರೂಪಾಯಿ. ಮಾರುವವರ ಬದಿಯಲ್ಲಿ 212ಕ್ಕೆ ಇರುವುದು 40 ಷೇರು ಮಾತ್ರ. ಆಮೇಲೆ 213.50ಕ್ಕೆ 60, 217ಕ್ಕೆ 100, 221ಕ್ಕೆ 150. ನಿಮಗೆ 300 ಷೇರು ಬೇಕು. 63,600 ರೂಪಾಯಿ ಆಗಬಹುದೆಂದು ಲೆಕ್ಕಹಾಕಿ ಮಾರ್ಕೆಟ್ ಆರ್ಡರ್ ಹಾಕುತ್ತೀರಿ. 'ಎಷ್ಟಾದರೂ ಸರಿ, ಈಗಲೇ ಕೊಡಿ' ಎಂಬುದೇ ಆ ಆರ್ಡರ್‌ನ ಅರ್ಥ. ಹಾಗಾಗಿ ಮೊದಲ ಮೂರು ಬೆಲೆಗಳಲ್ಲಿದ್ದ 200 ಷೇರು ಖಾಲಿಯಾಗಿ, ಉಳಿದ 100 ಷೇರು 221ರಂತೆ ಬರುತ್ತವೆ. ಒಟ್ಟು ಖರ್ಚು 65,090 ರೂಪಾಯಿ. ಬ್ರೋಕರ್ ಶುಲ್ಕ, ತೆರಿಗೆಗಳಿಗೂ ಮೊದಲೇ 1,490 ರೂಪಾಯಿ ಹೆಚ್ಚು ಹೋಯಿತು. ಇದರಲ್ಲಿ ಮೋಸವೇನೂ ಇಲ್ಲ, ನೀವು ಬೆಲೆ ಹೇಳಲಿಲ್ಲ, ಅಷ್ಟೇ.

ಅದೇ ಹೊತ್ತಿಗೆ 214 ರೂಪಾಯಿಯ ಲಿಮಿಟ್ ಆರ್ಡರ್ ಹಾಕಿದ್ದರೆ? 212ರ 40, 213.50ರ 60 ಷೇರು ತಕ್ಷಣ ನಿಮ್ಮದಾಗುತ್ತಿದ್ದವು, ಅದೂ ಮಾರುವವರು ಕೇಳಿದ ಬೆಲೆಗೇ. ಹೊಸಬರು ಎಡವುವುದು ಇಲ್ಲೇ. ಲಿಮಿಟ್ ಎಂದು ಬರೆದದ್ದು ಕೊಡಲೇಬೇಕಾದ ಬೆಲೆಯಲ್ಲ, ಅದಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂಬ ಗೆರೆ. ಕಡಿಮೆಗೆ ಸಿಕ್ಕರೆ ಕಡಿಮೆಗೇ ಬರುತ್ತದೆ. ಉಳಿದ 200 ಷೇರುಗಳ ಬೇಡಿಕೆ 214ರಲ್ಲಿ ಕೊಳ್ಳುವವರ ಸಾಲಿಗೆ ಸೇರಿ ಕಾಯುತ್ತದೆ. ಮಧ್ಯಾಹ್ನ 3.30ಕ್ಕೆ ಪೇಟೆ ಮುಚ್ಚುವವರೆಗೂ ಆ ಬೆಲೆಗೆ ಯಾರೂ ಮಾರದಿದ್ದರೆ ಸಾಮಾನ್ಯ ದಿನದ ಆರ್ಡರ್ ತಾನಾಗಿಯೇ ರದ್ದಾಗುತ್ತದೆ.

ಲಿಮಿಟ್ ಆರ್ಡರ್‌ನ ತೊಡಕೂ ಇದೇ. ಎರಡು ರೂಪಾಯಿ ಉಳಿಸಲು ಹೋಗಿ ಷೇರೇ ಸಿಗದೆ ಹೋಗಬಹುದು. ನೀವು ಹೇಳಿದ ಬೆಲೆಯಲ್ಲಿ ವ್ಯವಹಾರ ನಡೆದದ್ದು ಪರದೆಯಲ್ಲಿ ಕಂಡರೂ ನಿಮ್ಮ ಆರ್ಡರ್ ಹಾಗೇ ಉಳಿದಿರಬಹುದು. ಒಂದೇ ಬೆಲೆಗೆ ಹಲವರು ಕಾದಿದ್ದರೆ ಮೊದಲು ಬಂದವರಿಗೆ ಮೊದಲು ಎಂಬುದು ವಿನಿಮಯ ಕೇಂದ್ರದ ನಿಯಮ. ಮಾರುವಾಗಲಂತೂ ಇದು ಇನ್ನಷ್ಟು ಚುರುಕು ಮುಟ್ಟಿಸುತ್ತದೆ. ಕೆಟ್ಟ ಸುದ್ದಿ ಬಂದು ಬೆಲೆ ಜಾರುತ್ತಿರುವಾಗ 'ನಿನ್ನೆಯ ಬೆಲೆಗೇ ಮಾರುತ್ತೇನೆ' ಎಂದು ಲಿಮಿಟ್ ಹಾಕಿ ಕೂತರೆ ಷೇರು ಕೈಯಲ್ಲೇ ಉಳಿಯುತ್ತದೆ.

ಹಾಗಾದರೆ ಮಾರ್ಕೆಟ್ ಆರ್ಡರ್ ಯಾವಾಗ? ಇನ್ಫೋಸಿಸ್, ಸ್ಟೇಟ್ ಬ್ಯಾಂಕಿನಂಥ ದೊಡ್ಡ ಕಂಪನಿಗಳ ಷೇರನ್ನು ಹತ್ತಿಪ್ಪತ್ತು ಕೊಳ್ಳುವವರಿಗೆ, ಪೇಟೆ ಶಾಂತವಾಗಿರುವ ಹೊತ್ತಿನಲ್ಲಿ, ಅದರಿಂದ ಹೆಚ್ಚಿನ ನಷ್ಟವಿಲ್ಲ. ಅಲ್ಲಿ ಕೊಳ್ಳುವವರ ಮತ್ತು ಮಾರುವವರ ಉತ್ತಮ ಬೆಲೆಗಳ ನಡುವಿನ ಅಂತರ ಸಾಮಾನ್ಯವಾಗಿ ಪೈಸೆಗಳಲ್ಲಿರುತ್ತದೆ, ಬೇಡಿಕೆ ಮೊದಲ ಸಾಲಿನಲ್ಲೇ ಪೂರೈಸಿಬಿಡುತ್ತದೆ. ಪರೀಕ್ಷೆ ಸುಲಭ: ನಿಮಗೆ ಬೇಕಾದ ಷೇರುಗಳ ಸಂಖ್ಯೆ ಮೊದಲ ಸಾಲಿನಲ್ಲಿರುವುದಕ್ಕಿಂತ ಕಡಿಮೆಯೇ? ಎರಡು ಬದಿಯ ಬೆಲೆಗಳ ಅಂತರ ಅತ್ಯಲ್ಪವೇ? ಎರಡಕ್ಕೂ ಹೌದು ಎಂದಾದರೆ ಯಾವ ಆರ್ಡರ್ ಹಾಕಿದರೂ ಫಲ ಹೆಚ್ಚುಕಡಿಮೆ ಒಂದೇ.

ಆದರೆ ಬೆಳಗ್ಗೆ 9.15ಕ್ಕೆ ವಹಿವಾಟು ಶುರುವಾದ ಮೊದಲ ಕೆಲವು ನಿಮಿಷಗಳಲ್ಲಿ ಬೆಲೆಗಳು ಅತ್ತಿಂದಿತ್ತ ಜಿಗಿಯುತ್ತವೆ. ಹಿಂದಿನ ರಾತ್ರಿ ಹಾಕಿಟ್ಟ ಮಾರ್ಕೆಟ್ ಆರ್ಡರ್‌ಗೆ ಬೆಳಗಿನ ಬೆಲೆ ಏನಾಗಿರುತ್ತದೆಂದು ಗೊತ್ತೇ ಇರುವುದಿಲ್ಲ. ಇಂಥ ಕಡೆ, ಸಣ್ಣ ಕಂಪನಿಗಳ ಷೇರುಗಳಲ್ಲಿ, ಲಿಮಿಟ್ ಇಲ್ಲದೆ ಹೋಗಬಾರದು.

ಹೊಸಬರಿಗೆ ಒಪ್ಪುವ ನಡುದಾರಿಯೊಂದಿದೆ. ಷೇರು ಈಗಲೇ ಬೇಕೆಂದಿದ್ದರೆ, ಮಾರುವವರು ಕೇಳುತ್ತಿರುವ ಬೆಲೆಯನ್ನೋ ಅದಕ್ಕಿಂತ ತುಸು ಹೆಚ್ಚನ್ನೋ ಲಿಮಿಟ್ ಆಗಿ ಬರೆಯುವುದು. ಸಾಕಷ್ಟು ಷೇರು ಇದ್ದರೆ ಆರ್ಡರ್ ಮಾರ್ಕೆಟ್ ಆರ್ಡರ್‌ನಷ್ಟೇ ಬೇಗ ಪೂರೈಸುತ್ತದೆ, ಸಾಲು ತೆಳ್ಳಗಿದ್ದರೆ ನೀವೆಳೆದ ಗೆರೆಯಲ್ಲಿ ನಿಲ್ಲುತ್ತದೆ. ಮಾರುವಾಗ ಇದನ್ನೇ ತಿರುಗಿಸಿ, ಕೊಳ್ಳುವವರ ಬೆಲೆಗಿಂತ ತುಸು ಕಡಿಮೆ ಬರೆದರಾಯಿತು.