ಮಾರ್ಚ್ ತಿಂಗಳ ಬಾಡಿಗೆ ಮತ್ತು ಮೂಲದಲ್ಲಿ ತೆರಿಗೆ ಕಡಿತ

ತಿಂಗಳಿಗೆ 50,000 ರೂಪಾಯಿ ದಾಟುವ ಮನೆಬಾಡಿಗೆ ನಾರಾಯಣಪೇಟೆ, ಮಖ್ತಲ್, ಗದ್ವಾಲಗಳಲ್ಲಿ ಅಪರೂಪ. ಆದರೆ ಈ ಊರುಗಳ ಮಕ್ಕಳು ಹೈದರಾಬಾದಿನಲ್ಲಿ ಅಂಥ ಬಾಡಿಗೆ ಕೊಟ್ಟು ವಾಸಿಸುತ್ತಾರೆ. ಇಲ್ಲಿಯ ಕೆಲವರು ಅಲ್ಲಿ ಮನೆ ಕೊಂಡು ಬಾಡಿಗೆ ಪಡೆಯುತ್ತಾರೆ. ಆದ್ದರಿಂದ ಆದಾಯ ತೆರಿಗೆ ಕಾಯಿದೆಯ 194-IB ಎಂಬ ಕಲಮು ನಮಗೂ ಸಂಬಂಧಿಸಿದ್ದೇ. 2017ರ ಜೂನ್ 1ರಿಂದ ಜಾರಿಗೆ ಬಂದ ಈ ಕಲಮು ಸಂಬಳದಾರನಾದ ಸಾಮಾನ್ಯ ಬಾಡಿಗೆದಾರನ ಮೇಲೂ ತೆರಿಗೆ ಕಡಿತದ ಹೊಣೆಯನ್ನು ಹೊರಿಸಿತು.

ಮೊದಲು ಪದವನ್ನು ನೋಡೋಣ. ನಾನು ಮರಾಠಿಯಲ್ಲಿ ಕಲಿತ ‘ಕಪಾತ್’, ಕನ್ನಡದ ‘ಕಡಿತ’ ಎರಡೂ ಇದ್ದುದರಲ್ಲಿ ಕತ್ತರಿಸುವುದನ್ನು ಹೇಳುತ್ತವೆ, ಹೊಸದಾಗಿ ಸೇರಿಸುವುದನ್ನಲ್ಲ. ಬಾಡಿಗೆದಾರನು ಕಟ್ಟುವುದು ತನ್ನ ತೆರಿಗೆಯನ್ನಲ್ಲ. ಮನೆಯೊಡೆಯನ ತೆರಿಗೆಯ ಒಂದು ಭಾಗವನ್ನು ಬಾಡಿಗೆಯಲ್ಲಿಯೇ ಹಿಡಿದು ಸರ್ಕಾರಕ್ಕೆ ಮುಟ್ಟಿಸುತ್ತಾನೆ. ಒಡೆಯನು ತನ್ನ ತೆರಿಗೆಯ ಲೆಕ್ಕ ಸಲ್ಲಿಸುವಾಗ ಆ ಮೊತ್ತ ಅವನ ಹೆಸರಿಗೆ ಜಮೆಯಾಗಿರುತ್ತದೆ.

ಮಖ್ತಲಿನ ಯುವಕನೊಬ್ಬ ಹೈದರಾಬಾದಿನಲ್ಲಿ, ಗದ್ವಾಲದ ಹಿರಿಯರೊಬ್ಬರ ಮನೆಯಲ್ಲಿ ತಿಂಗಳಿಗೆ 60,000 ರೂಪಾಯಿ ಬಾಡಿಗೆಗೆ 2025ರ ಏಪ್ರಿಲಿನಿಂದ ಇದ್ದಾನೆಂದು ಭಾವಿಸೋಣ. ಅವನು ಪ್ರತಿ ತಿಂಗಳೂ ಕಡಿತ ಮಾಡಬೇಕಿಲ್ಲ. ಹನ್ನೊಂದು ತಿಂಗಳು ಪೂರ್ಣ ಬಾಡಿಗೆ ಕೊಟ್ಟು, 2026ರ ಮಾರ್ಚ್ ತಿಂಗಳಿನ ಬಾಡಿಗೆಯಲ್ಲಿ ಇಡೀ ವರ್ಷದ ಕಡಿತವನ್ನು ಒಮ್ಮೆಲೇ ಮಾಡುತ್ತಾನೆ. ವರ್ಷದ ಬಾಡಿಗೆ 7,20,000, ದರ ನೂರಕ್ಕೆ 2, ಕಡಿತ 14,400. ಒಡೆಯರ ಕೈಗೆ ಆ ತಿಂಗಳು ಸೇರುವುದು 45,600. (2024ರ ಸೆಪ್ಟೆಂಬರ್ ಕೊನೆಯವರೆಗೆ ದರ ನೂರಕ್ಕೆ 5 ಇತ್ತು.) ಒಡೆಯರಿಗೆ ಇದನ್ನು ಫೆಬ್ರವರಿಯಲ್ಲಿಯೇ ತಿಳಿಸಿ ಅವರ ಪ್ಯಾನ್ ಸಂಖ್ಯೆಯನ್ನು ಬರೆಸಿಕೊಳ್ಳುವುದು ಲೇಸು. ಪ್ಯಾನ್ ಕೊಡದಿದ್ದರೆ ದರ ನೂರಕ್ಕೆ 20 ಆಗುತ್ತದೆ. ಲೆಕ್ಕದಂತೆ ಅದು 1,44,000; ಆದರೆ ಕಡಿತವು ಕೊನೆಯ ತಿಂಗಳ ಬಾಡಿಗೆಯನ್ನು ಮೀರಕೂಡದೆಂಬ ನಿಯಮವಿರುವುದರಿಂದ 60,000ಕ್ಕೆ ನಿಲ್ಲುತ್ತದೆ. ಹಿರಿಯರಿಗೆ ಆ ಮಾರ್ಚಿನಲ್ಲಿ ಒಂದು ಕಾಸೂ ಬರುವುದಿಲ್ಲ!

ಕಡಿದ ಹಣವನ್ನು ಮಾರ್ಚ್ ಮುಗಿದ ಮೂವತ್ತು ದಿನಗಳೊಳಗೆ, ಅಂದರೆ ಏಪ್ರಿಲ್ 30ರೊಳಗೆ ಕಟ್ಟಬೇಕು. ಇದಕ್ಕೆ ವ್ಯಾಪಾರಿಗಳಂತೆ ಟ್ಯಾನ್ ಸಂಖ್ಯೆ ಪಡೆಯಬೇಕಿಲ್ಲ, ಪ್ಯಾನ್ ಸಾಕು. ತೆರಿಗೆ ಇಲಾಖೆಯ ತಾಣದ e-Pay Tax ವಿಭಾಗದಲ್ಲಿ Form 26QC ತುಂಬಿ ಹಣ ಕಟ್ಟಬೇಕು. ಇದು ಚಲನ್ನೂ ಹೌದು, ವಿವರಪಟ್ಟಿಯೂ ಹೌದು. ಬಳಿಕ ಹದಿನೈದು ದಿನಗಳೊಳಗೆ TRACES ತಾಣದಿಂದ Form 16C ಎಂಬ ಪ್ರಮಾಣಪತ್ರ ಇಳಿಸಿ ಒಡೆಯರಿಗೆ ಕೊಡಬೇಕು. ಒಡೆಯರು ತಮ್ಮ Form 26AS ತೆರೆದು 14,400 ಅಲ್ಲಿ ಕಾಣುವುದೇ ಎಂದು ನೋಡಲಿ. ಕಾಣದಿದ್ದರೆ ಬಹುಮಟ್ಟಿಗೆ ಪ್ಯಾನಿನ ಒಂದು ಅಕ್ಷರ ತಪ್ಪಿರುತ್ತದೆ.

ಹಣ ಕಡಿದುಕೊಂಡು ಕಟ್ಟಲು ಮರೆತರೆ ತಿಂಗಳಿಗೆ ನೂರಕ್ಕೆ ಒಂದೂವರೆಯಂತೆ ಬಡ್ಡಿ. ಕಡಿಯಲು ಮರೆತರೆ ನೂರಕ್ಕೆ ಒಂದು. ಇದಕ್ಕಿಂತ ಭಾರವಾದದ್ದು ವಿವರಪಟ್ಟಿ ತಡವಾದುದಕ್ಕೆ ದಿನಕ್ಕೆ 200 ರೂಪಾಯಿಯ ಶುಲ್ಕ. ಅದು ತೆರಿಗೆಯ ಮೊತ್ತವನ್ನು ಮೀರುವುದಿಲ್ಲವೆಂಬುದೇ ಸಮಾಧಾನ. ನಮ್ಮ ಯುವಕನಿಗೆ ಮೇ 1ರಿಂದ ಎಣಿಸಿದರೆ ಎಪ್ಪತ್ತೆರಡನೆಯ ದಿನ, ಜುಲೈ 11ಕ್ಕೆ, ಶುಲ್ಕವೇ 14,400 ತಲುಪುತ್ತದೆ. ಒಡೆಯರ ಹಣದಿಂದ ಹೋಗಬೇಕಾದುದರಷ್ಟೇ ಮೊತ್ತ ಈಗ ಅವನ ಕಿಸೆಯಿಂದಲೂ ಹೋಯಿತು.

ಬಹಳ ಮಂದಿ ಎಡವುವುದು ಮಾರ್ಚಿನಲ್ಲಲ್ಲ, ನಡುವೆ ಮನೆ ಬಿಡುವಾಗ. ಆ ಯುವಕ 2025ರ ಡಿಸೆಂಬರ್ ಕೊನೆಗೆ ಮನೆ ಖಾಲಿ ಮಾಡಿದ್ದರೆ, ಅವನ ಪಾಲಿಗೆ ಡಿಸೆಂಬರೇ ಕೊನೆಯ ತಿಂಗಳು. ಒಂಬತ್ತು ತಿಂಗಳ 5,40,000ಕ್ಕೆ 10,800 ರೂಪಾಯಿಯನ್ನು ಆ ತಿಂಗಳ ಬಾಡಿಗೆಯಲ್ಲಿಯೇ ಕಡಿದು, ಜನವರಿ 30ರೊಳಗೆ ಕಟ್ಟಬೇಕಿತ್ತು. ಬೀಗದ ಕೈ ಒಪ್ಪಿಸಿ, ಠೇವಣಿ ಹಿಂದಕ್ಕೆ ಪಡೆದು, ಮಾರ್ಚಿನಲ್ಲಿ ನೆನಪಾದರೆ ಕಡಿಯಲು ಬಾಡಿಗೆಯೇ ಇರುವುದಿಲ್ಲ. ಹಳೆಯ ಒಡೆಯರು ಮನಸ್ಸು ಮಾಡಿ ಹಿಂದಿರುಗಿಸಿದರೆ ಸರಿ, ಇಲ್ಲವಾದರೆ ಕೈಯಿಂದಲೇ ತೆರಬೇಕು.

ಈ ಸರಳ ವಿಧಾನ ಎಲ್ಲರಿಗೂ ಅಲ್ಲ. ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ದಾಟಿದ ಸೀರೆ ವ್ಯಾಪಾರಿಗೆ ಬೇರೆ ಕಲಮು, ಬೇರೆ ದರ. ಒಡೆಯರು ಅಮೆರಿಕದಲ್ಲಿ ನೆಲೆಸಿ ಅನಿವಾಸಿಯಾಗಿದ್ದರೆ ಕಲಮು 195ರಂತೆ 50,000ದ ಮಿತಿಯೇ ಇಲ್ಲ. ಪ್ರತಿ ಪಾವತಿಯಲ್ಲಿಯೂ ಕಡಿಯಬೇಕು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯಿದೆ ಜಾರಿಗೆ ಬರುವುದರಿಂದ ಇಲ್ಲಿ ಹೇಳಿದ ಕಲಮುಗಳ ಸಂಖ್ಯೆಗಳು ಬದಲಾಗುತ್ತವೆ. ಆ ದಿನದಿಂದಾಚೆಯ ಬಾಡಿಗೆಗೆ ಹಣ ಕಟ್ಟುವ ಮುನ್ನ ನಮೂನೆಯ ಹೆಸರನ್ನು ತಾಣದಲ್ಲಿ ನೋಡಿಕೊಳ್ಳಬೇಕು.