ಪದಕ್ಕೆಷ್ಟು ಎಂದು ಕೇಳಿದಾಗ

“ತಿಂಗಳಿಗೆ ಎಂಟು ಬ್ಲಾಗ್ ಬೇಕು, ಒಂದೊಂದೂ ಸಾವಿರ ಪದ. ಪದಕ್ಕೆ ಎಷ್ಟು ತಗೋತೀರಿ ಮೇಡಂ?” ಬಿಡಿಯಾಗಿ ಬರೆದುಕೊಡುವವರಿಗೆ ಕೆಲಸ ಬರುವುದು ಹೆಚ್ಚಾಗಿ ಹೀಗೆ, ಒಂದು ಫೋನ್ ಕರೆಯಲ್ಲಿ. “ಒಂದು ರೂಪಾಯಿ” ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಕಷ್ಟ ಶುರುವಾಗುವುದು ಮೊದಲ ಕರಡು ಕಳಿಸಿದ ಮೇಲೆ.

ಕೇಳಿದವರು ಬೆಂಗಳೂರಿನಲ್ಲಿ ಸೋಲಾರ್ ವಾಟರ್ ಹೀಟರ್ ಮಾರುವವರು ಎಂದಿಟ್ಟುಕೊಳ್ಳೋಣ. ಮೊದಲ ಲೇಖನದ ವಿಷಯ, ಬೋರ್‌ವೆಲ್ ನೀರಿನ ಮನೆಗೆ ಯಾವ ಹೀಟರ್ ಸರಿ ಎಂಬುದು. ಗಡಸು ನೀರಿನ ಸುಣ್ಣ ಕೊಳವೆಯೊಳಗೆ ಹೇಗೆ ಕಟ್ಟುತ್ತದೆಂದು ಓದಿ, ಅವರ ಎಂಜಿನಿಯರ್ ಜೊತೆ ಮಾತಾಡಲು ಎರಡು ಗಂಟೆ ಬೇಕು. ಮುಖ್ಯಾಂಶಗಳ ಪಟ್ಟಿಗೆ ಅರ್ಧ ಗಂಟೆ, ಬರೆಯಲು ಮೂರು, ತಿದ್ದಿ ನೋಡಲು ಒಂದು, ಅವರು ಹೇಳುವ ಬದಲಾವಣೆಗೆ ಒಂದು, ಮೇಲ್ ಮತ್ತು ಫೋನಿಗೆ ಅರ್ಧ. ಒಟ್ಟು ಎಂಟು ಗಂಟೆ. ಪದಕ್ಕೊಂದು ರೂಪಾಯಿಯಂತೆ ಹೋದರೆ ಗಂಟೆಗೆ ಬರುವುದು 125 ರೂಪಾಯಿ.

ಲೆಕ್ಕವನ್ನು ಇನ್ನೊಂದು ತುದಿಯಿಂದ ಹಿಡಿಯಬೇಕು. ತಿಂಗಳಿಗೆ 30,000 ರೂಪಾಯಿ ದುಡಿಯಬೇಕೆಂದುಕೊಂಡವರಿಗೆ, ಕೆಲಸ ಹುಡುಕುವ ಮತ್ತು ಬಾಕಿ ವಸೂಲಿ ಮಾಡುವ ಹೊತ್ತು ಕಳೆದು, ಹಣ ಹುಟ್ಟುವ ನೂರು ಗಂಟೆ ಉಳಿಯಬಹುದು. ಹಾಗಾದರೆ ಗಂಟೆಗೆ 300, ಲೇಖನಕ್ಕೆ 2,400, ಎಂಟಕ್ಕೆ 19,200. ಕೊಟೇಶನ್‌ನಲ್ಲಿ ಪದದ ದರ ಬರೆಯದೆ ಲೇಖನದ ದರ ಬರೆಯುವುದೇ ಒಳ್ಳೆಯದು. ಪದಕ್ಕೆ ಬೆಲೆ ಕಟ್ಟಿದರೆ 800 ಪದದಲ್ಲಿ ಚೆನ್ನಾಗಿ ಹೇಳಿದವರಿಗೇ ನಷ್ಟ.

ಈ ಮೊತ್ತ ಉಳಿಯುವುದು ತಿದ್ದುಪಡಿಗೆ ಗಡಿ ಹಾಕಿದಾಗ ಮಾತ್ರ. “ಎರಡು ಸುತ್ತು ತಿದ್ದುಪಡಿ ಸೇರಿದೆ” ಎಂದು ಬರೆದರೆ ಸಾಲದು, ಯಾವುದು ತಿದ್ದುಪಡಿ ಎಂದೂ ಹೇಳಬೇಕು. ಅದಕ್ಕೇ ಆ ಅರ್ಧ ಗಂಟೆಯ ಪಟ್ಟಿ. ಬರೆಯುವ ಮೊದಲೇ ಅದನ್ನು ಕಳಿಸಿ ಒಪ್ಪಿಗೆ ಪಡೆದರೆ ಮುಂದಿನ ವಾದಕ್ಕೆಲ್ಲ ಅದೇ ಅಳತೆಗೋಲು. ಎರಡನೇ ಪ್ಯಾರಾ ಸರಳವಾಗಬೇಕು, ಸುಣ್ಣದ ವಿವರಣೆ ತಪ್ಪಾಗಿದೆ ಎಂದರೆ ಅದು ತಿದ್ದುಪಡಿ. ವಿವರ ತಪ್ಪಿದ್ದರೆ ಸುತ್ತಿನ ಲೆಕ್ಕವನ್ನೂ ನೋಡದೆ ಸರಿಮಾಡಿಕೊಡಬೇಕು. ಆದರೆ “ಮನೆಯವರಿಗೆ ಬೇಡ, ಹೋಟೆಲ್ ಮಾಲೀಕರಿಗೆ ಬರೆಯಿರಿ” ಎಂದರೆ ಪಟ್ಟಿಯೇ ಬದಲಾಯಿತು. ಅದು ಹೊಸ ಲೇಖನ, ಹೊಸ ದರ. ಇನ್ನೊಂದು ಅಪಾಯ, ಮಾಲೀಕರು ಒಂದು ಹೇಳಿ ಅವರ ಮಾರ್ಕೆಟಿಂಗ್‌ನವರು ಅದಕ್ಕೆ ವಿರುದ್ಧ ಹೇಳುವುದು. ಎಲ್ಲರ ಅಭಿಪ್ರಾಯ ಒಟ್ಟುಮಾಡಿ ಒಬ್ಬರೇ, ಒಂದೇ ಮೇಲ್‌ನಲ್ಲಿ ಕಳಿಸಬೇಕೆಂಬ ಸಾಲು ಕೊಟೇಶನ್‌ನಲ್ಲಿರಲಿ.

ಗಡುವನ್ನು ಬರೀ ತಾರೀಖಾಗಿ ಕೊಡಬಾರದು. “15ರೊಳಗೆ ಕೊಡುತ್ತೇನೆ” ಎಂದು ಒಪ್ಪಿಕೊಂಡು, ಎಂಜಿನಿಯರ್ 13ನೇ ತಾರೀಖಿಗೆ ಫೋನಿಗೆ ಸಿಕ್ಕರೆ ತಡವಾದ ಹೆಸರು ಬರಹಗಾರರಿಗೇ. ಮಾಹಿತಿ ಕೈಸೇರಿ, ಪಟ್ಟಿಗೆ ಒಪ್ಪಿಗೆ ಸಿಕ್ಕ ಮೇಲೆ ಐದು ಕೆಲಸದ ದಿನ ಎಂದು ಬರೆದರೆ ಅವರ ತಡಕ್ಕೆ ಇವರು ಹೊಣೆಯಾಗುವುದಿಲ್ಲ. ಕರಡು ತಲುಪಿ ಏಳು ದಿನ ಏನೂ ಹೇಳದಿದ್ದರೆ ಒಪ್ಪಿದಂತೆ ಎಂದೂ ಸೇರಿಸಬೇಕು.

ಹಣದ ವಿಷಯದಲ್ಲಿ ಹೆಚ್ಚಿನವರು ಎಡವುವುದು “ಪ್ರಕಟವಾದ ಮೇಲೆ ಪೇಮೆಂಟ್” ಎಂಬ ಮಾತಿಗೆ ತಲೆಯಾಡಿಸಿ. ವೆಬ್‌ಸೈಟ್ ಸಿದ್ಧವಾಗದೆ ಲೇಖನ ಆರು ತಿಂಗಳು ಬಿದ್ದಿರಬಹುದು. ಅರ್ಧ ಹಣ, ಅಂದರೆ 9,600, ಕೆಲಸ ಶುರುಮಾಡುವ ಮೊದಲು. ಉಳಿದದ್ದು ಇನ್‌ವಾಯ್ಸ್ ಕೊಟ್ಟ 15 ದಿನದೊಳಗೆ ಎಂದಿರಲಿ. ಪೂರ್ತಿ ಹಣ ಬಂದ ಮೇಲಷ್ಟೇ ಲೇಖನದ ಹಕ್ಕು ಅವರದು ಎಂಬುದನ್ನೂ ಬರೆದಿಡಬೇಕು.

ಉದ್ಯಮ್ ನೋಂದಣಿ ಇದ್ದರೆ 2006ರ ಎಂಎಸ್‌ಎಂಇ ಕಾಯ್ದೆಯ ಆಸರೆಯೂ ಸಿಗುತ್ತದೆ. ನೋಂದಣಿ ಉಚಿತ, ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಸುವುದು ಕ್ಷೇಮ. ಪಾವತಿಯ ಗಡುವು ಎಷ್ಟೇ ಉದ್ದ ಒಪ್ಪಿಕೊಂಡಿದ್ದರೂ 45 ದಿನ ದಾಟುವಂತಿಲ್ಲ, ಮಾತೇ ಆಗಿರದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೆಲಸ ತಲುಪಿದ 15 ದಿನದೊಳಗೆ ಲಿಖಿತ ತಕರಾರು ಬರದಿದ್ದರೆ ಒಪ್ಪಿದಂತೆಯೇ ಎಂದು ಈ ಕಾಯ್ದೆ ಹೇಳುತ್ತದೆ. ಆದ್ದರಿಂದ ಕರಡನ್ನು ವಾಟ್ಸ್‌ಆ್ಯಪ್‌ನಲ್ಲಷ್ಟೇ ಹಾಕದೆ ಮೇಲ್ ಮಾಡಬೇಕು. ಕಳಿಸಿದ ದಿನಕ್ಕೆ ಅದೇ ಸಾಕ್ಷಿ.

ಟಿಡಿಎಸ್ ವಿಷಯವನ್ನೂ ಮೊದಲೇ ಮಾತಾಡಿಕೊಳ್ಳಬೇಕು. ಒಂದೇ ಕಂಪನಿಯಿಂದ ವರ್ಷಕ್ಕೆ ಬರುವ ವೃತ್ತಿ ಶುಲ್ಕ 50,000 ದಾಟಿದರೆ ಶೇ. 10 ಕಡಿತವಾಗುತ್ತದೆ, 2025ರ ಏಪ್ರಿಲ್‌ವರೆಗೆ ಈ ಮಿತಿ 30,000 ಇತ್ತು. ನಮ್ಮ ಲೆಕ್ಕದಲ್ಲಿ ಮೂರನೇ ತಿಂಗಳಿಗೆ ಒಟ್ಟು 57,600 ಆಗುತ್ತದೆ. ಹಿಂದಿನ ಎರಡು ತಿಂಗಳದ್ದೂ ಸೇರಿಸಿ ಆ ತಿಂಗಳೇ 5,760 ಹಿಡಿದುಕೊಂಡರೆ ಕೈಗೆ ಬರುವುದು 13,440. ಅದು ಕಳೆದುಹೋದ ಹಣವಲ್ಲ, ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ. ಆದರೂ ಆ ತಿಂಗಳ ಬಾಡಿಗೆಯನ್ನು 19,200 ನಂಬಿ ಹೊಂದಿಸಿಕೊಂಡಿರಬಾರದು.